ಡಿಪೋ ಮ್ಯಾನೇಜರಿಗೆ ಒಂದು ಪತ್ರ

ಬೆಳಕು ಹರಿಯುವುದರೊಳಗೆ ಟೀಚರ್ ನಲ್ಲಿಯ ನೀರು ಹಿಡಿದಿಡಬೇಕು, ರಾತ್ರಿಯ ಪಾತ್ರೆ ತೊಳೆದು ಕವುಚಬೇಕು, ಹಾಲು ಕಾಯಿಸಬೇಕು, ಅತ್ತೆಯ ಸೊಂಟಕ್ಕೆ ಬಿಸಿನೀರಿನ ಚೀಲ ತುಂಬಿ ಕೊಡಬೇಕು, ಅವರ ಮಾತ್ರೆಗಳನ್ನು ಊಟಕ್ಕೆ ಮುಂಚಿನದು, ಆಮೇಲಿನದು ಎಂದು ಎರಡು ಬಟ್ಟಲಿನಲ್ಲಿ ಬೇರೆ ಮಾಡಿಡಬೇಕು, ಅಕ್ಕಿ ತೊಳೆದು ಕುಕ್ಕರಿಗೆ ಹಾಕಬೇಕು, ತರಕಾರಿ ಹೆಚ್ಚಬೇಕು, ಗಂಡನ ಷರ್ಟಿಗೆ ಇಸ್ತ್ರಿ ಮಾಡಬೇಕು, ಎರಡು ಡಬ್ಬಿ ಕಟ್ಟಬೇಕು. ಕುಕ್ಕರಿನ ಒಂದು ಕೂಗಿಗೂ ಇನ್ನೊಂದು ಕೂಗಿಗೂ ನಡುವೆ ನಾಲ್ಕು ನೋಟ್‌ಬುಕ್ ತಿದ್ದಬಹುದು ಎಂಬುದು ಹದಿನಾಲ್ಕು ವರ್ಷಗಳಲ್ಲಿ ಅವರು ಕಂಡುಕೊಂಡ ಲೆಕ್ಕ. ಏಳನೇ ತರಗತಿಯ ಮಕ್ಕಳು ತಮ್ಮ ಪುಸ್ತಕ ಮೂಸಿ ನೋಡಿ, ಮಿಸ್ ಮನೆಯಲ್ಲಿ ಇವತ್ತು ಏನು ಅಡುಗೆ ಎಂದು ಹೇಳುತ್ತಿದ್ದರು. ಬಹಳ ಸಲ ಸರಿಯಾಗಿಯೇ ಹೇಳುತ್ತಿದ್ದರು.

ಪತ್ರಲೇಖನ ಎಂದರೆ ಆ ಶಾಲೆಯಲ್ಲಿ ಐದು ಅಂಕ, ಅಷ್ಟೆ. ಪುಸ್ತಕದ ಪತ್ರವನ್ನು ಬಾಯಿಪಾಠ ಮಾಡು, ಪರೀಕ್ಷೆಯಲ್ಲಿ ಕಕ್ಕು, ಮರೆತುಬಿಡು. ಟೀಚರಿಗೆ ಅದು ಸರಿ ಬರುತ್ತಿರಲಿಲ್ಲ. ಓದುವವರೇ ಇಲ್ಲದ ಪತ್ರ ಬರೆಸುವುದು, ಉಣ್ಣುವವರಿಲ್ಲದ ಮನೆಯಲ್ಲಿ ಅಡುಗೆ ಮಾಡಿದ ಹಾಗೆ ಎನ್ನುತ್ತಿದ್ದರು. ಈ ವರ್ಷ ಅವರು ದಪ್ಪ ಹಾಳೆಯ ಮೇಲೆ ಒಂದು ಮಾದರಿ ಪತ್ರ ಬರೆದು ಗೋಡೆಗೆ ತೂಗುಹಾಕಿದರು. ಗ್ರಂಥಾಲಯವನ್ನು ಭಾನುವಾರವೂ ತೆರೆದಿಡಿ ಎಂದು ಗ್ರಂಥಪಾಲಕರಿಗೆ ಬರೆದ ಮನವಿ. ಅಂಚಿನಲ್ಲಿ ಕೆಂಪು ಬಾಣಗಳು, ಬಾಣಕ್ಕೊಂದು ಹೆಸರು: ‘ಇಂದ’ ಎಂಬಲ್ಲಿ ಬರೆಯುವವರ ಹೆಸರು, ವಿಳಾಸ, ‘ಗೆ’ ಎಂಬಲ್ಲಿ ಯಾರಿಗೆ ಬರೆಯುತ್ತೇವೋ ಅವರ ಹುದ್ದೆ, ಕಚೇರಿ, ಆಮೇಲೆ ಸಂಬೋಧನೆ, ವಿಷಯ, ಒಡಲು, ಮುಕ್ತಾಯ, ಸಹಿ, ಕೆಳಗೆ ಎಡಕ್ಕೆ ಸ್ಥಳ-ದಿನಾಂಕ, ಒಟ್ಟು ಎಂಟು. ಒಡಲಿಗೆ ಮಾತ್ರ ಮೂರು ಬಾಣ. ನಾವು ಯಾರು, ತೊಂದರೆ ಏನು, ನಿಮ್ಮಿಂದ ಏನು ಆಗಬೇಕು.

ಮರುದಿನ ಇನ್ನೊಂದು ಪತ್ರವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಗುಂಪಿಗೊಂದು ಕಟ್ಟು ಕೊಟ್ಟು, ನೆಲದ ಮೇಲೆ ಜೋಡಿಸಲು ಹೇಳಿದರು. ಒಂದು ಗುಂಪು ಸಹಿಯನ್ನು ಎಲ್ಲಕ್ಕಿಂತ ಮೇಲಿಟ್ಟಿತು. ಯಾಕಪ್ಪಾ ಎಂದು ಅದರಲ್ಲೊಬ್ಬನನ್ನು ಕೇಳಿದರೆ, ಅವರಪ್ಪ ಯಾವ ಕಾಗದವಾದರೂ ಮೊದಲು ಸಹಿ ಹಾಕುತ್ತಾರೆ, ಆಮೇಲೆ ಓದುತ್ತಾರೆ ಎಂಬ ಉತ್ತರ ಬಂತು.

ನಿಜವಾದ ಪತ್ರಕ್ಕೆ ಕಾರಣ ಶಾಲೆಯ ಗೇಟಿನ ಮುಂದೆಯೇ ಇತ್ತು. ಶಾಲೆ ಬಿಡುವುದು ನಾಲ್ಕೂ ಕಾಲಿಗೆ. ಊರಾಚೆಯ ಬಡಾವಣೆಗೆ ಹೋಗುವ ಬಸ್ಸು ಹಾದುಹೋಗುವುದು ನಾಲ್ಕೂ ಹತ್ತಕ್ಕೆ. ಮುಂದಿನದು ಐದೂ ಇಪ್ಪತ್ತಕ್ಕೆ. ಹನ್ನೊಂದು ಮಕ್ಕಳು ದಿನವೂ ಒಂದು ಗಂಟೆ ಕಾಂಪೌಂಡ್ ಗೋಡೆಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದರು. ಹನ್ನೆರಡನೆಯವಳಿಗೆ ಹಾಗೆ ಕೂರುವ ಪುರುಸೊತ್ತಿರಲಿಲ್ಲ. ಅವಳು ನಾಲ್ಕಕ್ಕೇ ಚೀಲ ಏರಿಸಿಕೊಂಡು, ಕೊನೆಯ ಗಣಿತದ ಪಿರಿಯಡನ್ನು ಅರ್ಧಕ್ಕೆ ಬಿಟ್ಟು ಓಡುತ್ತಿದ್ದಳು. ಮಧ್ಯಾಹ್ನದಿಂದಲೇ ಗೋಡೆ ಗಡಿಯಾರವನ್ನು ನೋಡುತ್ತಿದ್ದಳಾದ್ದರಿಂದ ಕ್ಲಾಸಿನಲ್ಲಿ ಅವಳಿಗೆ ಗಡಿಯಾರ ಎಂದೇ ಹೆಸರು. ಇನ್ನು ಮುಂದೆ ಹಾಗೆ ಹೋದರೆ ಹಾಜರಿ ಕೊಡುವುದಿಲ್ಲ ಎಂದು ಹೆಡ್‌ಮಾಸ್ಟರು ಹೇಳಿಯಾಗಿತ್ತು. ಹಾಗಾದರೆ ಶಾಲೆ ಬಿಡಿಸಿಯೇಬಿಡುತ್ತೇನೆ ಎಂದು ಅವಳ ಅಮ್ಮನೂ ಹೇಳಿಯಾಗಿತ್ತು.

ಬಸ್ಸನ್ನು ಹದಿನೈದು ನಿಮಿಷ ತಡವಾಗಿ ಬಿಡಿ ಎಂದು ಡಿಪೋ ಮ್ಯಾನೇಜರಿಗೆ ಬರೆಯುವುದೆಂದು ಕ್ಲಾಸೇ ನಿರ್ಧರಿಸಿತು. ಡಿಪೋದ ಹೊಸ ವೇಳಾಪಟ್ಟಿ ಆಗುವುದು ವರ್ಷಕ್ಕೆ ಎರಡೇ ಸಲ, ಈ ಸಲದ ಮನವಿಗಳನ್ನು ಶನಿವಾರ ಮಧ್ಯಾಹ್ನದವರೆಗೆ ಮಾತ್ರ ತೆಗೆದುಕೊಳ್ಳುತ್ತಾರೆ ಎಂಬುದು ಟೀಚರಿಗೆ ಗೊತ್ತಿತ್ತು. ಅವರ ಗಂಡ ಆ ಡಿಪೋದಲ್ಲೇ ಗುಮಾಸ್ತರು. ಬಂದ ಕಾಗದಕ್ಕೆಲ್ಲ ಮೊಹರು ಹಾಕಿ, ನಂಬರು ಕೊಟ್ಟು ಮೇಲಿನವರಿಗೆ ಕಳಿಸುವುದೇ ಅವರ ಕೆಲಸ.

ಮೂವತ್ತಾರು ಪತ್ರಗಳು ಮನೆಗೆ ಬಂದವು. ಬೆಳಗಿನ ಕತ್ತಲಲ್ಲಿ ಮೊದಲನೆಯದನ್ನು ತಿದ್ದಲು ಕೂತ ಟೀಚರ್ ತಲೆ ಚಚ್ಚಿಕೊಂಡರು. ‘ಇಂದ: ಅ ಬ ಕ, ಏಳನೇ ತರಗತಿ.’ ಎರಡನೆಯದೂ ಅ ಬ ಕ. ಮೂವತ್ನಾಲ್ಕು ಮಕ್ಕಳು ಅ ಬ ಕ. ಪರೀಕ್ಷೆಯಲ್ಲಿ ಸ್ವಂತ ಹೆಸರು ಬರೆಯಬಾರದು ಎಂದು ಮೂರನೇ ತರಗತಿಯಿಂದ ಅವರ ತಲೆಗೆ ತುಂಬಿದ್ದರ ಫಲ. ಒಬ್ಬ ಬಾಣಗಳನ್ನೂ ಬರೆದು, ಬಾಣದ ಪಕ್ಕ ‘ಒಡಲು’ ಎಂದು ನೀಟಾಗಿ ನಮೂದಿಸಿದ್ದ. ಇಬ್ಬರು ಬಸ್ ಡಿಪೋವನ್ನು ಭಾನುವಾರ ಓದುಗರಿಗೆ ತೆರೆದಿಡಬೇಕೆಂದು ಕೋರಿದ್ದರು.

ಗಂಡ ಟೀ ಕುಡಿಯುತ್ತ ಅವನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗಿನಿಂದ ಅತ್ತೆ, ಏನು ಬೆಳಗ್ಗೆ ಬೆಳಗ್ಗೆ ನಾಟಕ ಎಂದು ಕೇಳಿದರು. ಹೆಸರಿಲ್ಲದ ಕಾಗದ ಬಂದರೆ ಡಿಪೋದಲ್ಲಿ ನಂಬರೇ ಕೊಡುವುದಿಲ್ಲ, ನೇರ ಬುಟ್ಟಿಗೆ ಎಂದು ಗಂಡ ಹೇಳಿದ ಮಾತನ್ನು ಟೀಚರ್ ಅಂದೇ ಕ್ಲಾಸಿಗೆ ಒಯ್ದರು. ಬೋರ್ಡಿನ ಮೇಲೆ ಬರೆದರು: ಇದು ಪರೀಕ್ಷೆಯಲ್ಲ, ನಿಮ್ಮ ಹೆಸರು ನಿಮ್ಮದೇ. ಪಕ್ಕದವರ ಪತ್ರ ಪಡೆದು ಎಂಟು ಅಂಶಗಳಿಗೆ ಗುರುತು ಹಾಕಿ ಎಂದರು. ಮಕ್ಕಳು ಒಬ್ಬರನ್ನೊಬ್ಬರು ಇನ್‌ಸ್ಪೆಕ್ಟರುಗಳ ಹಾಗೆ ಹಿಡಿದರು.

ಸ್ವಂತ ಹೆಸರು ಬರೆದಿದ್ದ ಇಬ್ಬರಲ್ಲಿ ಒಬ್ಬ ಕ್ಲಾಸ್ ಲೀಡರ್. ಅವನ ಪತ್ರ ಅಳತೆಗೋಲಿಟ್ಟು ಬರೆದ ಹಾಗಿತ್ತು. ‘ಸದರಿ ವೇಳೆಯಿಂದ ವಿದ್ಯಾರ್ಥಿಗಳಿಗೆ ಅನಾನುಕೂಲವಾಗುತ್ತಿದ್ದು, ತಾವು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.’ ಇನ್ನೊಬ್ಬಳು ಗಡಿಯಾರ. ಅವಳು ವಿಷಯ ಬರೆಯುವುದನ್ನು ಮರೆತಿದ್ದಳು, ದಿನಾಂಕ ಎಲ್ಲೋ ಇತ್ತು. ಒಡಲು ಹೀಗಿತ್ತು:

‘ನಾನು ಐದು ಗಂಟೆಯೊಳಗೆ ಮನೆ ಮುಟ್ಟಬೇಕು. ಅಮ್ಮ ಐದಕ್ಕೆ ಆಸ್ಪತ್ರೆಯ ನೆಲ ಒರೆಸುವ ಕೆಲಸಕ್ಕೆ ಹೊರಡುತ್ತಾಳೆ. ಎಂಟು ತಿಂಗಳ ತಂಗಿಯನ್ನು ಅಮ್ಮನ ಕೈಯಿಂದ ನಾನು ತೆಗೆದುಕೊಳ್ಳಬೇಕು. ನೆಲದ ಮೇಲೆ ಬಿಟ್ಟು ಹೋಗಲು ಆಗುವುದಿಲ್ಲ. ನಾಲ್ಕೂ ಹತ್ತರ ಬಸ್ಸಿಗಾಗಿ ದಿನಾ ಗಣಿತ ಬಿಡುತ್ತೇನೆ. ನಾಲ್ಕೂ ಇಪ್ಪತ್ತೈದಕ್ಕೆ ಬಿಟ್ಟರೆ ನಾಲ್ಕೂ ಐವತ್ತೈದಕ್ಕೆ ಮುಟ್ಟುತ್ತೇನೆ, ಗಣಿತವೂ ಸಿಗುತ್ತದೆ. ನಿಮ್ಮ ಮನೆಯಲ್ಲಿ ಮಗು ಇದ್ದರೆ ನಿಮಗೆ ಗೊತ್ತಿರುತ್ತದೆ.’

ಟೀಚರ್ ಅದನ್ನು ಎರಡು ಸಲ ಓದಿದರು. ಆದರೂ ಕೈ ಅಭ್ಯಾಸದಂತೆ ಹೋಯಿತು. ಅಂಚಿನಲ್ಲಿ ‘ಮನೆಯ ವಿಷಯ ಬೇಡ, ಸಂಕ್ಷಿಪ್ತವಾಗಿರಲಿ’ ಎಂದು ಬರೆಯಿತು.

ಪತ್ರ ಹಿಡಿದು ಹುಡುಗಿ ಮೇಜಿನ ಹತ್ತಿರ ಬಂದಳು.

“ಮಿಸ್, ಇದನ್ನ ತೆಗೆದರೆ ಬಸ್ಸು ಯಾಕೆ ಬೇಕು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?”

“ತೊಂದರೆ ಆಗ್ತಿದೆ ಅಂತ ಬರೆದರೆ ಸಾಕಮ್ಮ.”

“ತೊಂದರೆ ಏನು ಅಂತ ಬರೀಬೇಕು ಅಂತ ನೀವೇ ಬಾಣ ಹಾಕಿದ್ದೀರಲ್ಲ ಮಿಸ್.”

ಟೀಚರ್ ಗೋಡೆಯ ಬಾಣಗಳ ಕಡೆ ತಿರುಗಿ ನೋಡಿದರು. ವಿಷಯ ಸೇರಿಸು, ದಿನಾಂಕ ಕೆಳಗೆ ಹಾಕು, ಉಳಿದದ್ದನ್ನು ಹಾಗೇ ಇಟ್ಟು ಬೇರೆ ಹಾಳೆಯಲ್ಲಿ ಬರೆದು ತಾ, ಶುಕ್ರವಾರ ನೋಡೋಣ ಎಂದು ಕಳಿಸಿದರು.

ಆ ಸಂಜೆ ಪಾತ್ರೆ ತೊಳೆಯುತ್ತ ಅವರಿಗೆ ತಮ್ಮದೇ ರಜೆ ಅರ್ಜಿಗಳು ನೆನಪಾದವು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಾಗ ‘ಅನಾರೋಗ್ಯದ ನಿಮಿತ್ತ’. ಗಂಡನಿಗೆ ಜ್ವರ ಬಂದಾಗ ‘ಅನಾರೋಗ್ಯದ ನಿಮಿತ್ತ’. ನಾದಿನಿಯ ಬಾಣಂತನಕ್ಕೆ ಒಂದು ವಾರ, ಅದೂ ‘ಅನಾರೋಗ್ಯದ ನಿಮಿತ್ತ’. ಶಾಲೆಯ ಕಡತ ನೋಡಿದವರು ಈ ಹೆಂಗಸು ಇನ್ನೂ ಬದುಕಿರುವುದೇ ಹೆಚ್ಚು ಅಂದುಕೊಳ್ಳಬೇಕು. ನಿಜವಾಗಿ ಅವರಿಗೆ ಹದಿನಾಲ್ಕು ವರ್ಷಗಳಲ್ಲಿ ಮೈ ಕೆಟ್ಟದ್ದು ಎರಡೇ ಸಲ, ಆ ಎರಡೂ ದಿನ ಶಾಲೆಗೆ ಹೋಗಿದ್ದರು.

ಗುರುವಾರ ಹೆಡ್‌ಮಾಸ್ಟರು ಕರೆದು, ಒಂದೇ ಪತ್ರ ಕಳಿಸಿ, ಮೂವತ್ತಾರು ಹೋದರೆ ದಂಗೆ ಎದ್ದಿದ್ದಾರೆ ಅನ್ನುತ್ತಾರೆ ಎಂದರು. ಜೊತೆಗಿಡುವ ಶಾಲೆಯ ಪತ್ರಕ್ಕೆ ಸಹಿ ಹಾಕಿ ಕೊಟ್ಟರು. ಯಾವ ಮಗುವಿನ ಪತ್ರ ಎಂದು ಟೀಚರ್ ಕೇಳಿದಾಗ, ಯೋಗ್ಯವಾದದ್ದನ್ನು ನೀವೇ ಆರಿಸಿ, ಲೀಡರ್ ಹುಡುಗ ಚೆನ್ನಾಗಿ ಬರೆಯುತ್ತಾನಲ್ಲ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಮನುಷ್ಯ.

ಶುಕ್ರವಾರ ಹುಡುಗಿಯ ಅಮ್ಮ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಗೇಟಿಗೆ ಬಂದರು. ಟೀಚರೇ ಹೇಳಿಕಳಿಸಿದ್ದರು. ಪತ್ರವನ್ನು ಓದಿ ಹೇಳಿ, ಇದು ಕಚೇರಿಗೆ ಹೋದರೆ ನಾಲ್ಕು ಜನ ನೋಡುತ್ತಾರೆ, ನಿಮಗೆ ಬೇಡವೆಂದರೆ ಕಳಿಸುವುದಿಲ್ಲ ಎಂದರು. ಆ ತಾಯಿ ಮಗುವಿನ ಮೂಗು ಒರೆಸಿದರು.

“ನೆಲ ಒರೆಸೋದನ್ನ ನಾನೇನು ಕದ್ದು ಮಾಡ್ತೀನಾ ಟೀಚರ್? ಕಳಿಸಿ.”

ಟೀಚರ ಗಂಡನಿಗೆ ಮಾತ್ರ ಅದು ಸರಿ ಕಾಣಲಿಲ್ಲ. ಊಟಕ್ಕೆ ಕೂತಾಗ ಪತ್ರವನ್ನು ಓದಿ, ಈ ಸಲ ನಗದೆ, ತಟ್ಟೆ ಸರಿಸಿದರು.

“ನೋಡು, ಇದು ನನ್ನ ಮೇಜಿಗೇ ಬರುತ್ತೆ. ಟೀ ಹೊತ್ತಿಗೆ ಯಾರಾದರೂ ಗಟ್ಟಿಯಾಗಿ ಓದಿ ನಗ್ತಾರೆ. ನಿನ್ನ ಹೆಂಡತಿ ಕ್ಲಾಸಲ್ಲಿ ಇದೇನಾ ಕಲಿಸೋದು ಅಂತಾರೆ. ಆ ಹುಡುಗನ ಪತ್ರ ಕೊಡು. ಬೇಕಾದರೆ ನಾನು ಡ್ರೈವರಿಗೆ ಒಂದು ಮಾತು ಹೇಳ್ತೀನಿ, ಐದು ನಿಮಿಷ ನಿಲ್ಲಿಸ್ತಾನೆ.”

“ಹೋದ ವರ್ಷವೂ ಹೇಳಿದ್ರಿ. ಹದಿನೈದು ದಿನ ನಿಂತ. ಡ್ರೈವರ್ ಬದಲಾದ, ನಿಮ್ಮ ಮಾತೂ ಅವನ ಜೊತೆ ಹೋಯ್ತು.”

“ಹಾಗಂತ ಮನೆ ಪುರಾಣ ಕಚೇರಿಗೆ ಕಳಿಸ್ತಾರಾ?”

ಟೀಚರ್ ಗಂಡನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದರು. ಗಂಡ ಕೆಟ್ಟವರಲ್ಲ, ಅವರಿಗೆ ಕಚೇರಿಯ ಮರ್ಯಾದೆಯ ಚಿಂತೆ. ಅವರು ಹೇಳಿದ್ದರಲ್ಲಿ ಸತ್ಯವೂ ಇತ್ತು. ನಕ್ಕು ಪತ್ರವನ್ನು ಪಕ್ಕಕ್ಕಿಟ್ಟರೆ ಇನ್ನು ಆರು ತಿಂಗಳು ಆ ಬಸ್ಸು ನಾಲ್ಕೂ ಹತ್ತಕ್ಕೇ. ಅಷ್ಟರಲ್ಲಿ ಹುಡುಗಿಯ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೋ ಇಲ್ಲವೋ.

ಶನಿವಾರ ಹನ್ನೆರಡಕ್ಕೆ ಶಾಲೆ ಬಿಟ್ಟಿತು. ಡಿಪೋದ ಕೌಂಟರ್ ಮುಚ್ಚುವುದು ಒಂದಕ್ಕೆ. ಖಾಲಿ ಕ್ಲಾಸಿನಲ್ಲಿ ಟೀಚರ್ ಎರಡೂ ಪತ್ರಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಕೂತರು. ಎಂಟು ಅಂಶಗಳೂ ಈಗ ಎರಡರಲ್ಲೂ ಸರಿಯಾಗಿದ್ದವು. ಲೀಡರನ ಪತ್ರವನ್ನು ಓದಿ ಯಾರೂ ನಗಲಾರರು. ಆದರೆ ಅದನ್ನು ಓದಿದ ಮ್ಯಾನೇಜರು ಬಸ್ಸನ್ನು ಯಾಕೆ ಹದಿನೈದು ನಿಮಿಷ ತಡ ಮಾಡಬೇಕು? ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಯಾರಿಗೆ, ಏನು, ಎಷ್ಟು ಹೊತ್ತಿಗೆ ಎಂಬುದು ಅದರಲ್ಲಿ ಎಲ್ಲೂ ಇಲ್ಲ. ಇನ್ನೊಂದರಲ್ಲಿ ನಿಮಿಷ ನಿಮಿಷದ ಲೆಕ್ಕವಿದೆ. ಬೇಡದ್ದು ಎಂದು ತೆಗೆಯಲು ಅವರು ಪೆನ್ನು ಹಿಡಿದು ಸಾಲಿನಿಂದ ಸಾಲಿಗೆ ಇಳಿದರು. ತಂಗಿ ಬೇಕು. ಆಸ್ಪತ್ರೆ ಬೇಕು. ನೆಲದ ಮೇಲೆ ಬಿಡಲಾಗದು ಎಂಬುದೂ ಬೇಕು. ಕೊನೆಯ ಸಾಲಿಗೆ ಬಂದು ನಿಂತರು. ‘ನಿಮ್ಮ ಮನೆಯಲ್ಲಿ ಮಗು ಇದ್ದರೆ ನಿಮಗೆ ಗೊತ್ತಿರುತ್ತದೆ.’ ಮನವಿ ಪತ್ರದಲ್ಲಿ ಇಂಥ ಸಾಲು ಯಾವ ಮಾದರಿಯಲ್ಲೂ ಇಲ್ಲ. ಮ್ಯಾನೇಜರಿಗೆ ಗೊತ್ತಿರುತ್ತದೆ ಎಂಬ ಭರವಸೆ ಟೀಚರಿಗೂ ಅಷ್ಟಾಗಿ ಇರಲಿಲ್ಲ. ಗೊತ್ತಿಲ್ಲದಿದ್ದರೆ ಅವರು ಮನೆಗೆ ಹೋಗಿ ಕೇಳಲಿ.

ಪೆನ್ನಿಗೆ ಮುಚ್ಚಳ ಹಾಕಿದರು. ಹುಡುಗಿಯ ಪತ್ರವನ್ನು ಹೆಡ್‌ಮಾಸ್ಟರ ಪತ್ರದ ಕೆಳಗೆ ಮಡಚಿ ಲಕೋಟೆಗೆ ಸೇರಿಸಿ, ಅಂಟು ಹಚ್ಚಿ, ಅಂಗೈಯಿಂದ ಒತ್ತಿ ಹಿಡಿದರು. ನಂತರ ಕ್ಲಾಸಿಗೆ ಬೀಗ ಹಾಕಿ, ಮನೆಯ ದಾರಿ ಬಿಟ್ಟು ಡಿಪೋದ ಕಡೆ ನಡೆದರು.