ರಾಜಕುಮಾರನ ಕೊಲೆಗೆ ಲೋಕವೆಲ್ಲ ಯಾಕೆ ಹೊಡೆದಾಡಿತು

ಹೈಸ್ಕೂಲು ಮಕ್ಕಳಿಗಾಗಿ ಮೊದಲ ಮಹಾಯುದ್ಧದ ಸಾರಾಂಶ ಬರೆಯುತ್ತಿದ್ದೆ. ಶಿಡ್ಲಘಟ್ಟದಿಂದ ಸಾದಲಿಗೆ ಹೋಗುವ ಬಸ್ಸಿನಲ್ಲಿ ಅದನ್ನೇ ತಿದ್ದುತ್ತಿದ್ದಾಗ, ಪಕ್ಕದಲ್ಲಿ ಅಜ್ಜಿಯ ಜೊತೆ ಕೂತಿದ್ದ ಯೂನಿಫಾರ್ಮಿನ ಹುಡುಗಿ ಇಣುಕಿದಳು.

“ನಾಳೆ ನಮಗೂ ಇದೇ ಟೆಸ್ಟು ಮೇಡಂ. ಒಬ್ಬ ರಾಜಕುಮಾರನ್ನ ಕೊಂದಿದ್ದಕ್ಕೆ ಲೋಕವೆಲ್ಲ ಯಾಕೆ ಹೊಡೆದಾಡ್ತು? ಬಾಯಿಪಾಠ ಮಾಡಿದ್ದೀನಿ, ಅರ್ಥ ಆಗಿಲ್ಲ.” ಅವಳ ಕಣ್ಣು ತುಂಬಿತ್ತು.

ಹಾಳೆ ಮಡಚಿಟ್ಟೆ. “ವಸಾಹತುಗಳಿಗಾಗಿ ಪೈಪೋಟಿ, ಶಸ್ತ್ರಾಸ್ತ್ರ ಪೇರಿಸೋದು ಮೊದಲೇ ನಡೀತಿತ್ತಮ್ಮ. ಕೊಲೆ ಬರೀ ಕಿಡಿ. ಸತ್ತೋನು ಆಸ್ಟ್ರಿಯಾದ ರಾಜಕುಮಾರ, ಕೊಲೆ ಹಿಂದೆ ಸರ್ಬಿಯಾ ಕೈವಾಡ ಇದೆ ಅಂತ ಆಸ್ಟ್ರಿಯಾ ಅದರ ಮೇಲೆ ಬಿತ್ತು. ಸರ್ಬಿಯಾ ಪರ ರಷ್ಯಾ, ಆಸ್ಟ್ರಿಯಾ ಪರ ಜರ್ಮನಿ, ರಷ್ಯಾ ಜೊತೆ ಫ್ರಾನ್ಸ್. ಹೀಗೆ ಒಪ್ಪಂದ ಮಾಡ್ಕೊಂಡೋರೆಲ್ಲ ನಿಂತ್ರು. ಫ್ರಾನ್ಸನ್ನ ಹೊಡೆಯೋಕೆ ಜರ್ಮನಿ ಬೆಲ್ಜಿಯಂ ಒಳಗೆ ನುಗ್ಗಿದಾಗ ಬ್ರಿಟನ್ನೂ ಇಳೀತು.”

“ಆಮೇಲೆ?”

“ಪಶ್ಚಿಮದ ಕಡೆ ಕಂದಕ ತೋಡಿ ವರ್ಷಗಟ್ಟಲೆ ಎದುರುಬದುರು ಕೂತ್ರು. ಕ್ರಾಂತಿಯಾದ ಮೇಲೆ ರಷ್ಯಾ ಹೊರಗೆ ಹೋಯ್ತು, ಬ್ರಿಟನ್, ಫ್ರಾನ್ಸ್ ಕಡೆಗೆ ಅಮೆರಿಕ ಬಂದು ಸೇರ್ತು. 1918ರ ನವೆಂಬರಲ್ಲಿ ಜರ್ಮನಿ ಕದನವಿರಾಮಕ್ಕೆ ಒಪ್ಕೊಂತು. ನಮ್ಮನ್ನ ಆಳ್ತಿದ್ದೋರು ಬ್ರಿಟಿಷರು, ಹಾಗಾಗಿ ನಮ್ಮ ಸೈನಿಕರೂ ಹೋಗಿದ್ರು.”

ಹುಡುಗಿಯ ಮುಖ ಹಗುರಾಯಿತು. ಅಜ್ಜಿ ನನ್ನ ಕೈ ಮುಟ್ಟಿದರು. “ಯಾಕೆ ಹೋಗ್ತಿದ್ದಾರೆ ಅಂತ ಆ ಹುಡುಗರ ತಾಯಂದಿರಿಗೆ ಯಾರಾದ್ರೂ ಹೀಗೆ ಬಿಡಿಸಿ ಹೇಳಿದ್ರೇನಮ್ಮ?”

ಮೊಮ್ಮಗಳು ಅಜ್ಜಿಯ ಭುಜಕ್ಕೆ ಒರಗಿದಳು. ನಾನು ಹಾಳೆ ಬಿಚ್ಚಿ, ಸಾರಾಂಶದ ಕೊನೆಗೆ ಆ ಪ್ರಶ್ನೆಯನ್ನೇ ಬರೆದೆ.

ಹುಡುಗಿ ಓದಿ ನೋಡಿ, ನನಗೆ ನೋವಾಗದ ಹಾಗೆ ಮೆಲ್ಲಗೆ ಹೇಳಿದಳು: “ಚೆನ್ನಾಗಿದೆ ಮೇಡಂ. ಆದ್ರೆ ನಾಳೆ ಇದಕ್ಕೆ ಮಾರ್ಕ್ಸ್ ಕೊಡಲ್ಲ.”