ಆರನೆಯ ಸಲ

ಶಾಲೆ ಬಿಟ್ಟು ಗಂಟೆಯಾದರೂ ಲೆಕ್ಕದ ಮೇಡಂ ಸ್ಟಾಫ್ ರೂಮಿನಲ್ಲಿ ಒಬ್ಬರೇ ಕೂತಿದ್ದರು. ಎದುರಿಗೆ ಒಬ್ಬ ಹುಡುಗಿಯ ಉತ್ತರಪತ್ರಿಕೆ. ಅದರ ಅಂಚಿನಲ್ಲಿ ಅವಳ ಅಪ್ಪ ಕೆಂಡ ಕಾರಿದ್ದರು: ‘ನಾಣ್ಯ ಐದು ಸಲ ಹೆಡ್ಸೇ ಬಿದ್ದ ಮೇಲೆ ಆರನೇ ಸಲ ಟೇಲ್ಸ್ ಬರ್ಲೇಬೇಕಲ್ವಾ? ಸರಿ ಉತ್ತರಕ್ಕೆ ಸೊನ್ನೆ ಯಾಕೆ ಕೊಟ್ರಿ?’

ಕೋಪ ನೆತ್ತಿಗೇರಿದರೂ ಮೇಡಂ ಸಾವಧಾನವಾಗಿ ಬರೆದರು: ‘ಆರಕ್ಕೆ ಆರೂ ಹೆಡ್ಸ್ ಬೀಳುವುದು ಅಪರೂಪ, ಒಪ್ಪಿದೆ. ಆದರೆ ಮೊದಲ ಐದು ಹೆಡ್ಸ್ ಬಿದ್ದು ಆರನೆಯದು ಟೇಲ್ಸ್ ಆಗುವುದೂ ಅಷ್ಟೇ ಅಪರೂಪ. ಎರಡಕ್ಕೂ ಅರವತ್ನಾಲ್ಕರಲ್ಲಿ ಒಂದೇ ಅವಕಾಶ. ಐದು ಆಗಲೇ ಬಿದ್ದಾಗಿದೆ. ಉಳಿದಿರುವ ಒಂದು ಎಸೆತದಲ್ಲಿ ಹೆಡ್ಸಿಗೂ ಟೇಲ್ಸಿಗೂ ಅರ್ಧರ್ಧ. ನಾಣ್ಯಕ್ಕೆ ನೆನಪಿಲ್ಲ ಸ್ವಾಮಿ.’

‘ಬೀಗ ಹಾಕ್ಬೇಕು ಮೇಡಂ. ಮನೇಲಿ ನಿಮ್ಗೆ ಕಾಯ್ತಾ ಇರಲ್ವಾ?’ ಎಂದ ಜವಾನ.

‘ಕಾಯೋದಕ್ಕೂ ನಾನೇ ಹೋಗ್ಬೇಕು ಕಣಪ್ಪ,’ ಎಂದು ನಕ್ಕು ಮೇಡಂ ಎದ್ದರು.

ಅಂದು ಅವರ ಹುಟ್ಟುಹಬ್ಬ. ‘ಅವನನ್ನೇ ಮದುವೆ ಆಗೋದಾದ್ರೆ ಈ ಮನೆ ಮೆಟ್ಟಿಲು ತುಳೀಬೇಡ’ ಎಂದು ತಾವೇ ಮಗಳಿಗೆ ಹೇಳಿದ ಮೇಲೆ ಐದು ಹುಟ್ಟುಹಬ್ಬ ಕಳೆದಿದ್ದವು. ಒಂದಕ್ಕೂ ಅವಳ ಫೋನ್ ಬಂದಿರಲಿಲ್ಲ. ಐದು ಸಲ ಬರಲಿಲ್ಲ, ಈ ಸಲ ಬಂದೇ ಬರುತ್ತದೆ ಎಂದುಕೊಂಡು ಮನೆಯಲ್ಲಿ ಫೋನನ್ನು ಎದುರಿಗಿಟ್ಟುಕೊಂಡು ಕೂತರು. ಮರುಕ್ಷಣವೇ ನಾಚಿಕೆಯಾಯಿತು: ಆ ಅಪ್ಪನ ಲೆಕ್ಕವನ್ನೇ ತಾನೂ ಹಾಕುತ್ತಿದ್ದೇನಲ್ಲ!

ಆ ಅಪ್ಪನದೇ ವಾಸಿ. ನಾಣ್ಯಕ್ಕಾದರೆ ನೆನಪಿಲ್ಲ. ಮಗಳಿಗೆ ಎಲ್ಲ ನೆನಪಿದೆ.