ಹಣೆಯ ತಿರುವಿಗೆ ತಕ್ಕ ಬೊಟ್ಟು

ಫೋಟೊ ಸ್ಟುಡಿಯೊದವರು ಅವಳನ್ನು ರಿಪೇರಿ ಅಕ್ಕ ಎನ್ನುತ್ತಿದ್ದರು. ಮದುಮಗಳ ತೋಳಿನ ಹಚ್ಚೆ ಅಳಿಸುವುದು, ತೀರಿಹೋದವರ ಹಣೆಗೆ ಬೊಟ್ಟಿಡುವುದು, ಎಲ್ಲವೂ ಅವಳ ಕಂಪ್ಯೂಟರಿನಲ್ಲೇ.

ಆ ಮಧ್ಯಾಹ್ನ ಅಮ್ಮ ಬಂದು ಪಕ್ಕದಲ್ಲೇ ಕೂತಳು. ತಂಗಿಗೆ ಗಂಡು ನೋಡುತ್ತಿದ್ದರು, ಗಂಡಿನ ಕಡೆಯವರಿಗೆ ಮನೆಮಂದಿಯ ಫೋಟೊ ಕಳಿಸಬೇಕಿತ್ತು.

"ನೀನು ಗಂಡನ್ನ ಬಿಟ್ಟು ಬಂದ ದಿನಾನೇ ಬೊಟ್ಟು ಕಿತ್ತೆಸೆದೆ. ಫೋಟೊದಲ್ಲಾದ್ರೂ ಇಟ್ಕೊಳ್ಳೇ. ಗೊತ್ತಾದ್ರೆ ನಿನ್ನ ತಂಗೀನ ಯಾರು ಮಾಡ್ಕೋತಾರೆ?"

ಅವಳಿಗೆ ಮೈಯೆಲ್ಲ ಉರಿಯಿತು. ಹಾಗಾದರೆ ಇಡುತ್ತೇನೆ, ನೋಡಿದವರಿಗೆಲ್ಲ ಸುಳ್ಳೆಂದು ಗೊತ್ತಾಗುವ ಹಾಗೆ ಇಡುತ್ತೇನೆ ಎಂದುಕೊಂಡು, ಒಂದು ಚಪ್ಪಟೆ ಕೆಂಪು ವೃತ್ತವನ್ನು ತಂದು ಪರದೆಯ ಮೇಲಿನ ತನ್ನ ಹಣೆಗೆ ಮೆತ್ತಿದಳು. ಫೋಟೊದಲ್ಲಿ ಮುಖ ಕೊಂಚ ಪಕ್ಕಕ್ಕೆ ತಿರುಗಿತ್ತು. ಬೊಟ್ಟು ಮಾತ್ರ ನೇರ ನೋಡುತ್ತ ಗಾಳಿಯಲ್ಲಿ ತೇಲುತ್ತಿತ್ತು.

ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಹಾಳಾದ ಕೈ ಕೇಳಬೇಕಲ್ಲ! ವೃತ್ತವನ್ನು ಅಡ್ಡಕ್ಕೆ ಕಿರಿದಾಗಿಸಿ, ಹಣೆಯ ಉಬ್ಬಿಗೆ ತಕ್ಕಂತೆ ಬಾಗಿಸಿದಳು. ಚರ್ಮದ ರಂಧ್ರಗಳೂ ಒಂದು ಸಣ್ಣ ಸುಕ್ಕೂ ಕಾಣುವಷ್ಟು ಬಣ್ಣವನ್ನು ತೆಳುವಾಗಿಸಿದಳು. ಅಂಚನ್ನು ಮೆದುವಾಗಿಸಿ, ಬೆಳಕು ಬೀಳದ ಕಡೆ ತುಸು ಕಪ್ಪೇರಿಸಿದಳು. ಬೊಟ್ಟು ಹುಟ್ಟಿದಂದಿನಿಂದ ಅಲ್ಲೇ ಇದ್ದಂತಿತ್ತು.

"ಎಷ್ಟು ಒಪ್ಪುತ್ತೆ ನೋಡೇ," ಎಂದಳು ಅಮ್ಮ. "ನಾಳೆ ಅವರು ಮನೆಗೆ ಬಂದಾಗ್ಲೂ ಹೀಗೇ ಇರ್ಬೇಕಲ್ವಾ?"

ಅಮ್ಮ ಚೀಲದಿಂದ ಸ್ಟಿಕ್ಕರ್ ಬೊಟ್ಟಿನ ಹಾಳೆ ತೆಗೆದು, ಪರದೆಯನ್ನೊಮ್ಮೆ, ಮಗಳ ಹಣೆಯನ್ನೊಮ್ಮೆ ನೋಡಿ, ಸರಿಯಾಗಿ ಅದೇ ಜಾಗಕ್ಕೆ ಒಂದನ್ನು ಒತ್ತಿದಳು.